ತೆಗೆದ ಮಾತು, ಹಿಂತೆಗೆದ ಮಾತು

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯಕ್ಕೆ ಬಂದು ಪತ್ರಿಕೆ ಓದುವವರಿಗೆಲ್ಲ ಒಂದು ವಾಕ್ಯ ಕಂಠಪಾಠವಾಗಿದೆ: "ಸದಸ್ಯರ ಮಾತನ್ನು ಕಡತದಿಂದ ತೆಗೆದುಹಾಕಲಾಯಿತು." ಅಧಿವೇಶನ ನಡೆಯುವ ದಿನಗಳಲ್ಲಿ ಇದು ಎರಡು ದಿನಕ್ಕೊಮ್ಮೆಯಾದರೂ ಅಚ್ಚಾಗುತ್ತದೆ. ಇದರ ಪಕ್ಕದಲ್ಲೇ ಇನ್ನೊಂದು ವಾಕ್ಯವೂ ಬರುವುದುಂಟು: "ಸದಸ್ಯರು ತಮ್ಮ ಮಾತನ್ನು ಹಿಂದಕ್ಕೆ ಪಡೆದರು." ಎರಡೂ ಒಂದೇ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಹೇಗೂ ಮಾತು ಹೋಯಿತಲ್ಲ, ಯಾರು ತೆಗೆದರೇನು ಎಂಬುದು ಅವರ ವಾದ. ಹಾಗಲ್ಲ. ಸಭೆಯನ್ನು ನಡೆಸುವವರು ತೆಗೆದ ಮಾತು ಒಂದು ಬಗೆಯ ಗುರುತನ್ನು ಬಿಟ್ಟುಹೋಗುತ್ತದೆ. ಆಡಿದವರೇ ಹಿಂತೆಗೆದ ಮಾತು ಬೇರೆಯೇ ಗುರುತನ್ನು ಬಿಡುತ್ತದೆ. ಆ ಗುರುತುಗಳನ್ನು ಓದಲು ಬಂದರೆ, ಅಂದು ಸಭೆಯಲ್ಲಿ ನಡೆದದ್ದೇನು ಎಂಬುದರ ಅರ್ಧ ಭಾಗ ತಾನಾಗಿ ತಿಳಿಯುತ್ತದೆ. ಅದನ್ನೇ ಇಂದು ತಮ್ಮ ಮುಂದೆ ಇಡುತ್ತೇವೆ. ನಾವು ವಕೀಲರಲ್ಲ, ಪಂಡಿತರೂ ಅಲ್ಲ. ಗಿರಣಿಯ ಆಫೀಸಿನಲ್ಲಿ ಹಾಜರಿ ಪುಸ್ತಕ ಬರೆಯುವವರು. ಆದರೆ ಬರೆದದ್ದನ್ನು ತಿದ್ದುವ ವಿಷಯದಲ್ಲಿ ಹಾಜರಿ ಗುಮಾಸ್ತನಿಗೆ ಇರುವಷ್ಟು ಭಯಭಕ್ತಿ ಬೇರೆ ಯಾರಿಗೂ ಇರಲಾರದು.

ಲೋಕಸಭೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಆಡಿದ ಮಾತು ಮಾತಾಗಿಯೇ ಕಡತಕ್ಕೆ ಹೋಗುತ್ತದೆ. ಸಾರಾಂಶವಲ್ಲ, ಪೂರ್ತಿ ಮಾತು. ಇದಕ್ಕಾಗಿ ಶೀಘ್ರಲಿಪಿ ಬಲ್ಲ ವರದಿಗಾರರು ಸದನದ ನಡುವೆ ಕುಳಿತು, ಒಬ್ಬರಾದ ಮೇಲೆ ಒಬ್ಬರು ಕೆಲವೇ ನಿಮಿಷಗಳ ಸರದಿಯಂತೆ ಬರೆದುಕೊಳ್ಳುತ್ತಾರೆ. ಹೀಗೆ ಬರೆದದ್ದನ್ನು ಬೆರಳಚ್ಚು ಮಾಡಿ, ಮಾತನಾಡಿದ ಸದಸ್ಯರಿಗೆ ಅವರವರ ಭಾಗವನ್ನು ತೋರಿಸುತ್ತಾರೆ. ಸದಸ್ಯರು ಅದನ್ನು ತಿದ್ದಬಹುದು. ಆದರೆ ತಿದ್ದುವುದೆಂದರೆ ವರದಿಗಾರರು ತಪ್ಪಾಗಿ ಕೇಳಿಸಿಕೊಂಡದ್ದನ್ನು, ವ್ಯಾಕರಣದ ಎಡವಟ್ಟನ್ನು ಸರಿಪಡಿಸುವುದು ಮಾತ್ರ. ಆಡಿದ ಮಾತಿನ ಅರ್ಥವನ್ನು ಬದಲಾಯಿಸುವಂತಿಲ್ಲ, ಆಡದ್ದನ್ನು ಸೇರಿಸುವಂತಿಲ್ಲ. ನಾಲಗೆ ಜಾರಿ ಬಂದ ಮಾತು ಮರುದಿನ ಬೆಳಿಗ್ಗೆ ನಾಚಿಕೆ ತಂದರೂ, ಪೆನ್ನು ಹಿಡಿದು ಅದನ್ನು ಹೊಡೆದುಹಾಕುವ ಹಕ್ಕು ಆಡಿದವರಿಗಿಲ್ಲ. ಇದು ಮೊದಲು ಮನಸ್ಸಿನಲ್ಲಿರಲಿ.

ಹಾಗಾದರೆ ತೆಗೆಯುವ ಹಕ್ಕು ಯಾರಿಗೆ? ಸ್ಪೀಕರ್ ಅವರಿಗೆ. ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ 380ನೆಯದು ಈ ಅಧಿಕಾರವನ್ನು ಕೊಡುತ್ತದೆ. ಚರ್ಚೆಯಲ್ಲಿ ಬಂದ ಮಾತು ಮಾನಹಾನಿಕರವಾಗಿದೆ, ಅಸಭ್ಯವಾಗಿದೆ, ಸಂಸತ್ತಿಗೆ ಸಲ್ಲದ್ದಾಗಿದೆ ಅಥವಾ ಸದನದ ಘನತೆಗೆ ತಕ್ಕುದಲ್ಲ ಎಂದು ಅವರಿಗೆ ತೋರಿದರೆ, ಅದನ್ನು ನಡವಳಿಯಿಂದ ತೆಗೆಯಲು ಅಪ್ಪಣೆ ಮಾಡಬಹುದು. ಕಾರಣಗಳು ಈ ನಾಲ್ಕೇ. ಮಾತು ಸುಳ್ಳು ಎಂಬುದು ಈ ಪಟ್ಟಿಯಲ್ಲಿ ಇಲ್ಲದಿರುವುದನ್ನು ಗಮನಿಸಬೇಕು. ಸರ್ಕಾರಕ್ಕೆ ಕಹಿಯಾಗಿದೆ ಎಂಬುದೂ ಇಲ್ಲ.

ಇನ್ನು ನಮಗೆ ಬಹಳ ಇಷ್ಟವಾದ ನಿಯಮ ಅದರ ಮುಂದಿನದು, 381. ತೆಗೆದ ಜಾಗವನ್ನು ಸುಮ್ಮನೆ ಮುಚ್ಚಿ, ಹಿಂದಿನ ವಾಕ್ಯಕ್ಕೆ ಮುಂದಿನ ವಾಕ್ಯವನ್ನು ಅಂಟಿಸಿಬಿಡುವಂತಿಲ್ಲ. ಅಲ್ಲಿ ನಕ್ಷತ್ರದ ಗುರುತು ಹಾಕಬೇಕು. ಪುಟದ ಅಡಿಯಲ್ಲಿ, "ಪೀಠದ ಅಪ್ಪಣೆಯಂತೆ ತೆಗೆದುಹಾಕಲಾಗಿದೆ" ಎಂಬರ್ಥದ ಟಿಪ್ಪಣಿ ಕೊಡಬೇಕು. ಟಿಪ್ಪಣಿಯ ಮಾತುಗಳು ಯಾವುವು ಎಂಬುದನ್ನೂ ನಿಯಮವೇ ಹೇಳಿದೆ. ಯಾರೂ ತಮ್ಮ ಮನಸ್ಸಿಗೆ ಬಂದಂತೆ ಬರೆಯುವ ಹಾಗಿಲ್ಲ. ಎಂದರೆ ಮಾತು ಹೋಯಿತು, ಮಾತು ಹೋದ ಸುದ್ದಿ ಉಳಿಯಿತು. ಹೊಲಿಗೆ ಹಾಕಿದ ಅಂಗಿಯ ಹಾಗೆ. ಹರಿದದ್ದು ಕಾಣದಿದ್ದರೂ ಹೊಲಿಗೆ ಕಂಡೇ ಕಾಣುತ್ತದೆ.

ಹಾಜರಿ ಪುಸ್ತಕದಲ್ಲೂ ಇದೇ ಕ್ರಮ. ಒಬ್ಬ ಕಾರ್ಮಿಕನ ಹಾಜರಿಯನ್ನು ತಪ್ಪಾಗಿ ಹಾಕಿದರೆ ರಬ್ಬರಿನಿಂದ ಉಜ್ಜಬಾರದು, ಬ್ಲೇಡಿನಿಂದ ಕೆರೆಯಬಾರದು. ಒಂದೇ ಒಂದು ಗೆರೆ ಎಳೆದು, ಕೆಳಗಿನ ಅಕ್ಷರ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಣ್ಣ ಸಹಿ ಹಾಕಬೇಕು. ಉಜ್ಜಿದ ಕಾಗದ ಬೆಳಕಿಗೆ ಹಿಡಿದರೆ ತೆಳ್ಳಗೆ ಕಾಣುತ್ತದೆ. ತನಿಖೆಯವರು ಮೊದಲು ನೋಡುವುದೇ ಅದನ್ನು. ಆಗ ಒಂದು ದಿನದ ಹಾಜರಿಯ ಪ್ರಶ್ನೆ ಇಡೀ ಪುಸ್ತಕದ ಪ್ರಶ್ನೆಯಾಗಿಬಿಡುತ್ತದೆ.

ಈಗ ಆಡಿದವರೇ ಹಿಂತೆಗೆಯುವ ವಿಷಯ. ಸದಸ್ಯರೊಬ್ಬರು ಎದ್ದು, "ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ" ಎಂದರೆ ಏನಾಗುತ್ತದೆ? ಕಡತದಿಂದ ಆ ಮಾತು ಹಾರಿಹೋಗುವುದಿಲ್ಲ. ಅವರು ಮೊದಲು ಆಡಿದ ಮಾತೂ ಉಳಿಯುತ್ತದೆ, ಮೇಲೆ ಬಂದ ಆಕ್ಷೇಪವೂ ಉಳಿಯುತ್ತದೆ, ಕೊನೆಗೆ ಅವರು ಹಿಂತೆಗೆದುಕೊಂಡ ಮಾತೂ ಉಳಿಯುತ್ತದೆ. ಸ್ಪೀಕರ್ ಬೇರೆಯಾಗಿ ಅಪ್ಪಣೆ ಮಾಡಿದರೆ ಮಾತ್ರ ಮೊದಲಿನದು ಹೋಗುತ್ತದೆ. ಹಿಂತೆಗೆತವೆಂದರೆ ಅಳಿಸುವುದಲ್ಲ, ಇನ್ನೊಂದು ಮಾತನ್ನು ಸೇರಿಸುವುದು. ಮೊದಲನೆಯ ಬಗೆಯಲ್ಲಿ ಪುಟದಲ್ಲೊಂದು ತೂತು ಬೀಳುತ್ತದೆ. ಎರಡನೆಯ ಬಗೆಯಲ್ಲಿ ಪುಟ ಇನ್ನಷ್ಟು ತುಂಬುತ್ತದೆ.

ಇದು ನಮ್ಮಂಥವರಿಗೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಒಂದು ಕಲ್ಪಿತ ಉದಾಹರಣೆಯಿಂದ ಹೇಳುತ್ತೇವೆ. ಕಾರ್ಮಿಕರ ಭವಿಷ್ಯನಿಧಿಯ ಚರ್ಚೆ ನಡೆದಿದೆ ಎನ್ನಿ. ಸದಸ್ಯರೊಬ್ಬರು ಆವೇಶದಲ್ಲಿ, ಇಂಥ ಊರಿನ ಇಂಥ ಗಿರಣಿಯ ಹೆಡ್‌ಕ್ಲಾರ್ಕ್ ಇಂಥವನು, ಕೂಲಿಯವರ ಹಣ ನುಂಗಿದವನು ಎಂದು ಹೆಸರು ಹಿಡಿದು ಹೇಳಿಬಿಟ್ಟರು. ಇದನ್ನೇ ಅವರು ಊರ ಚೌಕದಲ್ಲಿ ನಿಂತು ಹೇಳಿದ್ದರೆ ಆ ಹೆಡ್‌ಕ್ಲಾರ್ಕ್ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಸದನದಲ್ಲಿ ಹೇಳಿದ್ದಕ್ಕೆ ಹೋಗುವಂತಿಲ್ಲ. ಸಂವಿಧಾನದ 105ನೆಯ ಅನುಚ್ಛೇದ ಸಂಸತ್ ಸದಸ್ಯರು ಸದನದಲ್ಲಿ ಆಡಿದ ಮಾತಿಗೆ ಯಾವ ನ್ಯಾಯಾಲಯವೂ ಕ್ರಮ ಜರುಗಿಸಬಾರದೆಂದು ಹೇಳುತ್ತದೆ. ಅದು ಒಳ್ಳೆಯದಕ್ಕೇ ಇದೆ. ಬಲಿಷ್ಠರ ವಿರುದ್ಧ ಬಾಯಿ ಬಿಡಲು ಆ ರಕ್ಷಣೆ ಬೇಕು. ಆದರೆ ಆ ಬಾಣ ಕೆಲವೊಮ್ಮೆ ಬಲಹೀನರಿಗೂ ತಗಲುತ್ತದೆ. ಅದಕ್ಕಾಗಿಯೇ ಯಾರ ಮೇಲಾದರೂ ಮಾನಹಾನಿಯ ಆರೋಪ ಮಾಡುವ ಮೊದಲು ಸ್ಪೀಕರ್ ಅವರಿಗೂ ಸಂಬಂಧಪಟ್ಟ ಮಂತ್ರಿಗಳಿಗೂ ತಿಳಿಸಿರಬೇಕೆಂದು 353ನೆಯ ನಿಯಮ ಹೇಳುತ್ತದೆ. ತಿಳಿಸದೆ ಆಡಿದರೆ? ಹೆಡ್‌ಕ್ಲಾರ್ಕ್ ಸದನಕ್ಕೆ ಹೋಗಿ ಉತ್ತರ ಕೊಡಲಾರ. ಅವನ ಮಾನ ಈಗ ಆ ಪುಟದ ಕೈಯಲ್ಲಿದೆ.

ಆಡಿದವರೇ ಹಿಂತೆಗೆದುಕೊಂಡರು ಎಂದು ಇಟ್ಟುಕೊಳ್ಳೋಣ. "ನನಗೆ ತಪ್ಪು ಮಾಹಿತಿ ಬಂದಿತ್ತು, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ" ಎಂದರು. ಇದು ಆ ಹೆಡ್‌ಕ್ಲಾರ್ಕಿಗೆ ದೊಡ್ಡ ಸಮಾಧಾನ. ಆರೋಪಿಸಿದ ಬಾಯಿಂದಲೇ ಅದು ತಪ್ಪೆಂಬ ಮಾತು ಬಂತು. ಆದರೆ ಅವನ ಹೆಸರು, ಅದರ ಪಕ್ಕದಲ್ಲಿ "ಹಣ ನುಂಗಿದವನು" ಎಂಬುದು, ಅಚ್ಚಾದ ಕಡತದಲ್ಲಿ ನಿಂತೇ ನಿಂತಿತು. ನಲವತ್ತು ವರ್ಷದ ಮೇಲೆ ಅವನ ಮೊಮ್ಮಗ ಆ ಪುಟ ತೆರೆದರೆ ಎರಡೂ ಕಾಣುತ್ತವೆ. ಪುಟವನ್ನು ಅರ್ಧ ಓದಿ ಮಡಿಸಿಡುವವರಿಗೆ ಮೊದಲಿನದಷ್ಟೇ ಕಾಣುತ್ತದೆ.

ಇನ್ನು ಸ್ಪೀಕರ್ ತೆಗೆದರು ಎನ್ನಿ. ಹೆಸರು ಹೋಯಿತು, ಆರೋಪ ಹೋಯಿತು, ನಕ್ಷತ್ರ ಬಂತು. ಮೊಮ್ಮಗನಿಗೆ ಏನೂ ಕಾಣದು. ಆದರೆ ಆರೋಪ ಸುಳ್ಳೆಂದು ಯಾರೂ ಹೇಳಲಿಲ್ಲ. ಅಂದು ಸದನದಲ್ಲಿ ಕೇಳಿದವರು, ಗ್ಯಾಲರಿಯಲ್ಲಿ ಕುಳಿತವರು, "ನಿಜವನ್ನೇ ಹೇಳಿದ, ಅದಕ್ಕೇ ಮುಚ್ಚಿಹಾಕಿದರು" ಎಂದು ಪಿಸುಗುಟ್ಟಿದರೆ ಅದಕ್ಕೆ ಉತ್ತರವಿಲ್ಲ. ಏಕೆಂದರೆ ಅಡಿಟಿಪ್ಪಣಿ ಯಾರು ತೆಗೆಸಿದರೆಂದು ಹೇಳುತ್ತದೆಯೇ ಹೊರತು ಏಕೆ ತೆಗೆಸಿದರೆಂದು ಹೇಳುವುದಿಲ್ಲ. ನಾಲ್ಕು ಕಾರಣಗಳಲ್ಲಿ ಯಾವುದು ಎಂದು ನಕ್ಷತ್ರವನ್ನು ನೋಡಿ ತಿಳಿಯುವಂತಿಲ್ಲ. ಹೋದದ್ದು ಒಂದು ಪದವೋ ಹತ್ತು ವಾಕ್ಯವೋ ಎಂಬುದೂ ಅದರಿಂದ ತಿಳಿಯದು.

ಆದ್ದರಿಂದ ಆ ಹೆಡ್‌ಕ್ಲಾರ್ಕಿನ ದೃಷ್ಟಿಯಿಂದ ನೋಡಿದರೆ, ಎರಡೂ ಆಗಬೇಕು: ಆಡಿದವರು ಹಿಂತೆಗೆಯಬೇಕು, ಸ್ಪೀಕರ್ ಹೆಸರನ್ನು ತೆಗೆಸಬೇಕು. ಆಗ ಪುಟದಲ್ಲಿ, ನಕ್ಷತ್ರವಿರುವ ಒಂದು ಜಾಗ, ಅದರ ಕೆಳಗೆ "ಆ ಆರೋಪವನ್ನು ಹಿಂತೆಗೆದುಕೊಳ್ಳುತ್ತೇನೆ" ಎಂಬ ಮಾತು ಉಳಿಯುತ್ತದೆ. ಯಾರ ಮೇಲೋ ಏನೋ ಹೇಳಿದ್ದರು, ಅದು ನಿಲ್ಲಲಿಲ್ಲ ಎಂಬಷ್ಟು ತಿಳಿಯುತ್ತದೆ. ಯಾರ ಮೇಲೆಂದು ತಿಳಿಯುವುದಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಒಂದು ಪುಟ ಮಾಡಲಾರದು.

ಒಂದು ತೊಡಕಿದೆ. ಮಾತನ್ನು ತೆಗೆದರೂ ಅದಕ್ಕೆ ಬಂದ ಉತ್ತರಗಳು ಉಳಿದುಬಿಡುತ್ತವೆ. ಮಂತ್ರಿಗಳು ಎದ್ದು, "ಒಬ್ಬ ಬಡ ಗುಮಾಸ್ತರನ್ನು ಕಳ್ಳನೆಂದು ಕರೆದಿರಿ" ಎಂದಿದ್ದರೆ, ಮೇಲೆ ನಕ್ಷತ್ರ ಹಾಕಿ ಏನು ಬಂತು? ಉತ್ತರವೇ ಪ್ರಶ್ನೆಯನ್ನು ಹೇಳಿಬಿಟ್ಟಿತು. ಆದಕಾರಣ ಪೀಠದವರು ಒಂದು ಮಾತನ್ನು ತೆಗೆಸುವಾಗ ಅದನ್ನೇ ಪುನಃ ಉಚ್ಚರಿಸಿದ ಇತರರ ಮಾತುಗಳನ್ನೂ ನೋಡಬೇಕಾಗುತ್ತದೆ. ಹೀಗೆ ಒಂದೊಂದಾಗಿ ತೆಗೆಯುತ್ತ ಹೋದರೆ ಪುಟದಲ್ಲಿ ನಕ್ಷತ್ರಗಳೇ ಉಳಿದಾವು. ತೆಗೆಯದಿದ್ದರೆ ತೆಗೆದದ್ದೇ ವ್ಯರ್ಥ. ಇದಕ್ಕೆ ಸುಲಭದ ಪರಿಹಾರವಿಲ್ಲ.

ನಕ್ಷತ್ರ ಕಂಡಲ್ಲೆಲ್ಲ ಕೆಟ್ಟ ಮಾತು ಇತ್ತೆಂದು ತಿಳಿಯುವುದೂ ತಪ್ಪು. ಅಡಿಟಿಪ್ಪಣಿಯನ್ನು ಓದಬೇಕು. "ದಾಖಲಿಸಿಲ್ಲ" ಎಂಬರ್ಥದ ಇನ್ನೊಂದು ಟಿಪ್ಪಣಿ ಇದೆ. ಪೀಠದ ಅನುಮತಿಯಿಲ್ಲದೆ ಎದ್ದು ಮಾತನಾಡುವವರನ್ನು ಕುರಿತು, "ಇದಾವುದೂ ಕಡತಕ್ಕೆ ಹೋಗದು" ಎಂದು ಸ್ಪೀಕರ್ ಹೇಳುವುದನ್ನು ನಾವು ಕೇಳಿದ್ದೇವೆ. ಆಗ ಹಾಕುವ ಗುರುತು ಅದು. ಆ ಸದಸ್ಯರು ಭಗವದ್ಗೀತೆಯನ್ನೇ ಹೇಳಿರಬಹುದು. ಸರದಿ ತಪ್ಪಿ ಹೇಳಿದ್ದು ಮಾತ್ರ ದೋಷ. ಪತ್ರಿಕೆಯವರೂ ಕೆಲವೊಮ್ಮೆ ಈ ಎರಡನ್ನು ಬೆರೆಸಿ, ಬರಿಯ ಗದ್ದಲ ಮಾಡಿದವರನ್ನು ಅಸಭ್ಯ ಮಾತಿನವರನ್ನಾಗಿ ಮಾಡಿಬಿಡುತ್ತಾರೆ.

ಪತ್ರಿಕೆಯ ಹೆಸರು ಬಂತು. ಈ ತೂತಿನ ಸುತ್ತ ನಮ್ಮ ದೇಶದಲ್ಲಿ ನಡೆದ ದೊಡ್ಡ ಮೊಕದ್ದಮೆಯನ್ನು ಹೇಳದೆ ಬಿಡಲಾಗದು. 1957ರ ಮೇ 30ರಂದು ಬಿಹಾರದ ವಿಧಾನಸಭೆಯಲ್ಲಿ ಮಹೇಶ್ವರ ಪ್ರಸಾದ್ ನಾರಾಯಣ್ ಸಿಂಹ ಎಂಬ ಸದಸ್ಯರು ಮುಖ್ಯಮಂತ್ರಿ ಶ್ರೀಕೃಷ್ಣ ಸಿಂಹರ ಆಡಳಿತವನ್ನು ಬಹಳ ಕಟುವಾಗಿ ಟೀಕಿಸಿದರು. ಅದರಲ್ಲಿ ಕೆಲವು ಭಾಗವನ್ನು ಸ್ಪೀಕರ್ ತೆಗೆಸಿದರು. ಮರುದಿನ, ಮೇ 31ರಂದು, ಪಾಟ್ನಾದ 'ಸರ್ಚ್‌ಲೈಟ್' ಪತ್ರಿಕೆ ತೆಗೆದ ಭಾಗವನ್ನೂ ಸೇರಿಸಿ ಭಾಷಣದ ವರದಿ ಹಾಕಿತು. ಸಭೆಯ ಹಕ್ಕುಬಾಧ್ಯತಾ ಸಮಿತಿ ಸಂಪಾದಕರಾದ ಎಂ. ಎಸ್. ಎಂ. ಶರ್ಮರಿಗೆ ನೋಟೀಸು ಕೊಟ್ಟಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಆಡಿದ್ದನ್ನು ಆಡಿದಂತೆ ಅಚ್ಚು ಹಾಕಿದ್ದೇವೆ, ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯ ನಮಗಿದೆ ಎಂಬುದು ಅವರ ವಾದ.

1958ರ ಡಿಸೆಂಬರಿನಲ್ಲಿ ತೀರ್ಪು ಬಂತು. ಐವರು ನ್ಯಾಯಾಧೀಶರಲ್ಲಿ ನಾಲ್ವರು ಸಂಪಾದಕರ ವಾದವನ್ನು ಒಪ್ಪಲಿಲ್ಲ. ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರು ಬರೆದ ತೀರ್ಪಿನ ತಾತ್ಪರ್ಯವಿಷ್ಟು: ಸ್ಪೀಕರ್ ತೆಗೆಸಿದ ಭಾಗ ಕಾನೂನಿನ ಕಣ್ಣಿಗೆ ಆಡಿಯೇ ಇಲ್ಲದ ಮಾತಿನಂತೆ. ಆದ್ದರಿಂದ ಅದನ್ನು ಸೇರಿಸಿದ ವರದಿ, ಕಿವಿಗೆ ಎಷ್ಟೇ ನಿಜವಾಗಿದ್ದರೂ, ಸದನದ ನಡವಳಿಯ ನಿಜವಾದ ವರದಿಯಾಗದು. ಐದನೆಯವರಾದ ಸುಬ್ಬರಾವ್ ಅವರು ಭಿನ್ನಮತ ಬರೆದು, ನಾಗರಿಕರ ಮೂಲಭೂತ ಹಕ್ಕನ್ನು ಸದನದ ಹಕ್ಕು ಮೀರಲಾರದು ಎಂಬ ಕಡೆ ನಿಂತರು.

ನಮಗೆ ತೋರುವುದನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಆ ಗುಮಾಸ್ತರ ಉದಾಹರಣೆಯನ್ನು ನೆನೆದರೆ ನಾಲ್ವರ ಮಾತು ಸರಿಯೆನಿಸುತ್ತದೆ; ತೆಗೆದ ಹೆಸರನ್ನು ಪತ್ರಿಕೆ ಊರಿಗೆಲ್ಲ ಹಂಚಿದರೆ ತೆಗೆದು ಪ್ರಯೋಜನವೇನು? ಆದರೆ ಇಲ್ಲಿ ಟೀಕೆಗೆ ಗುರಿಯಾದವರು ಗುಮಾಸ್ತರಲ್ಲ, ಸದನದಲ್ಲೇ ಉತ್ತರ ಕೊಡಬಲ್ಲ ಮುಖ್ಯಮಂತ್ರಿ. ಅದನ್ನು ನೆನೆದರೆ ಸುಬ್ಬರಾವ್ ಅವರ ಕಡೆಗೆ ಮನಸ್ಸು ವಾಲುತ್ತದೆ. ನಕ್ಷತ್ರದ ಬೆಲೆ ಅದರ ಕೆಳಗೆ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ, ಆದರೆ ನಿಯಮ ಅದನ್ನು ನೋಡುವುದಿಲ್ಲ.

ಆಮೇಲೆ ಕಾನೂನು ಬೆಳೆದಿದೆ. ಸಂಸತ್ತಿನ ನಡವಳಿಯನ್ನು ದುರುದ್ದೇಶವಿಲ್ಲದೆ, ಬಹುಮಟ್ಟಿಗೆ ನಿಜವಾಗಿ ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ಕೊಡುವ ಕಾಯಿದೆಯನ್ನು ಫಿರೋಜ್ ಗಾಂಧಿಯವರು 1956ರಲ್ಲೇ ತಂದಿದ್ದರು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅದನ್ನು ರದ್ದು ಮಾಡಿದರು. 1977ರಲ್ಲಿ ಮತ್ತೆ ತಂದರು. 1978ರ ನಲವತ್ತನಾಲ್ಕನೆಯ ತಿದ್ದುಪಡಿ ಈ ರಕ್ಷಣೆಯನ್ನು ಸಂವಿಧಾನದಲ್ಲೇ ಸೇರಿಸಿ, ರಾಜ್ಯಗಳ ಶಾಸನಸಭೆಗಳ ವರದಿಗೂ ವಿಸ್ತರಿಸಿತು. ಆದರೆ ಇದು ನ್ಯಾಯಾಲಯದ ಮೊಕದ್ದಮೆಗಳಿಂದ ಕಾಪಾಡುವ ರಕ್ಷಣೆ. ತೆಗೆದ ಮಾತನ್ನು ಪ್ರಕಟಿಸಿದರೆ ಸದನವೇ ಹಕ್ಕುಚ್ಯುತಿಯ ಪ್ರಶ್ನೆ ಎತ್ತುವ ಅಪಾಯ ಹಾಗೆಯೇ ಇದೆ.

ಈ ನಡುವೆ ಕಿವಿಗಳು ಹೆಚ್ಚಿವೆ. ಸದನದ ಕಲಾಪ ದೂರದರ್ಶನದಲ್ಲಿ ನೇರವಾಗಿ ಬರುವಾಗ, ಸ್ಪೀಕರ್ ಅಪ್ಪಣೆ ಮಾಡುವ ಹೊತ್ತಿಗೆ ಮಾತು ದೇಶವೆಲ್ಲ ಸುತ್ತಿ ಬಂದಿರುತ್ತದೆ. ಅಪ್ಪಣೆ ಕೆಲವೊಮ್ಮೆ ಮರುದಿನ ಬರುತ್ತದೆ. 2018ರ ಆಗಸ್ಟಿನಲ್ಲಿ ರಾಜ್ಯಸಭೆಯ ಉಪಸಭಾಪತಿಯ ಚುನಾವಣೆಯಾದಾಗ, ಸೋತ ಅಭ್ಯರ್ಥಿಯಾದ ನಮ್ಮ ಕರ್ನಾಟಕದ ಬಿ. ಕೆ. ಹರಿಪ್ರಸಾದ್ ಅವರನ್ನು ಕುರಿತು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಆಡಿದ ಒಂದು ಮಾತನ್ನು ಹೀಗೆ ತೆಗೆಸಿದರು. 2023ರ ಫೆಬ್ರವರಿಯಲ್ಲಿ ಅದೇ ಸದನದಲ್ಲಿ, ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರ ಭಾಷಣದ ಕೆಲವು ಭಾಗಗಳನ್ನು ತೆಗೆಸಿದರು. ತಮ್ಮ ಮಾತಿನಲ್ಲಿ ಸಂಸತ್ತಿಗೆ ಸಲ್ಲದ್ದು ಏನೂ ಇರಲಿಲ್ಲವೆಂದು ಅವರು ಸದನದಲ್ಲೇ ಆಕ್ಷೇಪಿಸಿದರು. ಆ ಮಾತುಗಳು ಯಾವುವು ಎಂದು ತಾವು ಕೇಳಬಾರದು, ನಾವೂ ಹೇಳುವುದಿಲ್ಲ. ಸಂಘದ ಕಾರ್ಯದರ್ಶಿಗಳು ಈ ಭಾಷಣವನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವವರಿದ್ದಾರೆ. ನಾವು ತೋರಿಸಬೇಕಾದದ್ದು ಇಷ್ಟೇ: ಎರಡು ಪಕ್ಷದವರಿಗೂ ಬಿದ್ದ ಗುರುತು ಒಂದೇ ಬಗೆಯದು. ಖರ್ಗೆಯವರು ಹಿಂತೆಗೆದುಕೊಳ್ಳಲಿಲ್ಲ, ಆಕ್ಷೇಪಿಸಿದರು. ಅವರ ಆಕ್ಷೇಪವೂ ಸದನದ ಮುಂದೆ ಬಂದಿತು. ಮಾತು ತೆಗೆದವರದು, ಒಪ್ಪದವರದು, ಎರಡೂ ನಿಲುವು ಓದುವವರಿಗೆ ತಿಳಿಯುತ್ತದೆ. ಗುರುತೇ ಇಲ್ಲದೆ ಮಾಯವಾಗಿದ್ದರೆ ಆಕ್ಷೇಪಿಸಲು ಹಿಡಿಯೇ ಇರುತ್ತಿರಲಿಲ್ಲ.

ಇನ್ನು ನಮ್ಮ ಮನೆಯ ಮಾತು. ವಾಚನಾಲಯದ ಮೇಜಿನ ಮೇಲೆ ಸಲಹಾ ಪುಸ್ತಕವಿದೆ. ಯಾರು ಬೇಕಾದರೂ ಬರೆಯಬಹುದು. ಬೈಗುಳ ಬೇಡ, ವ್ಯಕ್ತಿಯ ಹೆಸರು ಹಿಡಿದು ನಿಂದೆ ಬೇಡ ಎಂಬುದು ಮೊದಲ ಪುಟದಲ್ಲೇ ಇದೆ. ಹೋದ ಮಳೆಗಾಲದಲ್ಲಿ ಒಂದು ಹಾಳೆ ಹರಿದುಹೋಗಿದ್ದು ಕಂಡುಬಂತು. ಬರೆದವರೇ ನಾಚಿ ಹರಿದರೋ, ಸಮಿತಿಯವರು ಹರಿದರೋ, ಮಗುವೊಂದು ದೋಣಿ ಮಾಡಿತೋ, ಈವರೆಗೆ ತಿಳಿಯದು. ಫಲವೇನಾಯಿತು? ಸಮಿತಿಯನ್ನು ಟೀಕಿಸಿದ ಹಾಳೆಯನ್ನು ಸಮಿತಿಯೇ ಹರಿದಿತೆಂದು ಅರ್ಧ ಜನ, ಸಮಿತಿಯ ಹೆಸರು ಕೆಡಿಸಲು ಬೇರೆಯವರು ಹರಿದರೆಂದು ಇನ್ನರ್ಧ ಜನ. ಹಾಳೆಯಲ್ಲಿ ಇದ್ದದ್ದು ಪ್ರಾಯಶಃ ಪಂಖ ತಿರುಗುವುದಿಲ್ಲ ಎಂಬ ದೂರು.

ಆದ್ದರಿಂದ ಸಮಿತಿಯ ಒಪ್ಪಿಗೆ ಪಡೆದು ಹೊಸ ಪುಸ್ತಕವನ್ನು ಬೇರೆ ರೀತಿ ನಡೆಸಲಿದ್ದೇವೆ. ಹಾಳೆಗಳಿಗೆಲ್ಲ ಅಂಕಿ ಹಾಕಿದ್ದೇವೆ, 1ರಿಂದ 200ರವರೆಗೆ; ಒಂದು ಹೋದರೂ ಗೊತ್ತಾಗುತ್ತದೆ. ಬರೆದವರಿಗೆ ತಮ್ಮ ಮಾತು ಬೇಡವೆನಿಸಿದರೆ ಒಂದೇ ಗೆರೆ ಎಳೆದು, "ಹಿಂತೆಗೆದಿದ್ದೇನೆ" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಬೇಕು. ಗೆರೆಯ ಕೆಳಗಿನ ಅಕ್ಷರ ಓದಲು ಬರುತ್ತದೆ, ಬರಲಿ. ಕಾರ್ಯದರ್ಶಿಗಳು ತೆಗೆಯಬೇಕಾದಾಗ ಆ ಸಾಲುಗಳ ಮೇಲೆ ಮಾತ್ರ ದಪ್ಪ ಕಾಗದದ ಚೀಟಿ ಅಂಟಿಸಿ, ಅದರ ಮೇಲೆ "ಕಾರ್ಯದರ್ಶಿಯ ಅಪ್ಪಣೆಯಿಂದ ಮುಚ್ಚಿದೆ" ಎಂದು ಬರೆದು ತಾರೀಖು ಹಾಕುತ್ತಾರೆ. ಚೀಟಿಯನ್ನು ಎತ್ತಿ ನೋಡುವವರು ಇದ್ದೇ ಇರುತ್ತಾರೆಂದು ಹಿಂದಿನ ಬೆಂಚಿನಲ್ಲಿ ನಗುತ್ತಿರುವವರ ಮುಖ ನೋಡಿದರೆ ತಿಳಿಯುತ್ತದೆ. ಅದಕ್ಕೆ ಅಂಟು ಗಟ್ಟಿಯದನ್ನೇ ತಂದಿದ್ದೇವೆ. ಲೋಕಸಭೆಯ ನಿಯಮಕ್ಕಿಂತ ಒಂದು ವಿಷಯದಲ್ಲಿ ನಾವು ಮುಂದೆ ಹೋಗಿದ್ದೇವೆ. ಬೈಗುಳವೋ, ವ್ಯಕ್ತಿನಿಂದೆಯೋ, ಯಾವ ಕಾರಣಕ್ಕೆ ಮುಚ್ಚಿದ್ದು ಎಂಬುದನ್ನು ಚೀಟಿಯ ಮೇಲೆ ಒಂದು ಪದದಲ್ಲಿ ಬರೆಯಬೇಕು. ಮುಚ್ಚಿದ್ದು ಸರಿಯಲ್ಲ ಎನಿಸಿದವರು ಅದರ ಕೆಳಗೇ ತಮ್ಮ ಆಕ್ಷೇಪ ಬರೆಯಬಹುದು. ಅದನ್ನು ಕಾರ್ಯದರ್ಶಿಗಳು ಮುಚ್ಚುವಂತಿಲ್ಲ, ತಿಂಗಳ ಸಭೆಯಲ್ಲಿ ಓದಬೇಕು.

ಹೊಸ ಪುಸ್ತಕ ನಾಳೆ ಸಂಜೆ ಆರು ಗಂಟೆಗೆ, ಪಾಳಿ ಬಿಟ್ಟು ಬರುವವರಿಗೆ ಅನುಕೂಲವಾಗುವಂತೆ, ಮೇಜಿನ ಮೇಲೆ ಇರುತ್ತದೆ. ಪಂಖದ ದೂರನ್ನು ಬರೆದಿದ್ದವರು ಇಲ್ಲಿದ್ದರೆ ದಯವಿಟ್ಟು ಅದನ್ನು ಇನ್ನೊಮ್ಮೆ ಬರೆಯಬೇಕು. ಪಂಖ ಇನ್ನೂ ತಿರುಗುತ್ತಿಲ್ಲ.